ಗೋರಿಯ ಸೂಜಿ, ಹಡಗಿನ ಸೂಜಿ

ಅಯಸ್ಕಾಂತಕ್ಕೆ ಕನ್ನಡದಲ್ಲಿ ಸೂಜಿಗಲ್ಲು ಎಂಬ ಚೆಂದದ ಹೆಸರಿದೆ. ದಿಕ್ಸೂಚಿ ಎಂಬ ಪದದೊಳಗೂ ಒಂದು ಸೂಜಿ ಅಡಗಿ ಕೂತಿದೆ. ಸಂಸ್ಕೃತದ ‘ಸೂಚಿ’ಯೇ ನಮ್ಮ ಬಾಯಲ್ಲಿ ಸೂಜಿಯಾದದ್ದು. ಚೀನೀಯರು ಇದೇ ಉಪಕರಣವನ್ನು ‘ದಕ್ಷಿಣ ತೋರುವ ಸೂಜಿ’ ಎನ್ನುತ್ತಾರೆ. ನಮಗೆ ಶಾಲೆಯಲ್ಲಿ ಅದು ಉತ್ತರ ತೋರಿಸುತ್ತದೆ ಎಂದು ಹೇಳಿಕೊಟ್ಟಿದ್ದರು. ಸೂಜಿಗೆ ಇರುವುದು ಎರಡು ತುದಿ. ಯಾವುದು ಅದರ ಮುಖ, ಯಾವುದು ಬೆನ್ನು ಎಂಬುದು ನೋಡುವವರ ಲೆಕ್ಕ. ಚೀನಾದಲ್ಲಿ ಚಕ್ರವರ್ತಿ ದಕ್ಷಿಣಕ್ಕೆ ಮುಖ ಮಾಡಿ ಕೂರುತ್ತಿದ್ದ; ಸೂಜಿಯೂ ಅತ್ತಲೇ ನೋಡುತ್ತದೆ ಎಂದುಕೊಂಡರು.

ಈ ಸೂಜಿಯನ್ನು ಮೊದಲು ನೆಚ್ಚಿಕೊಂಡವರು ನಾವಿಕರಲ್ಲ. ಮನೆಗೆ, ಅದಕ್ಕಿಂತ ಹೆಚ್ಚಾಗಿ ಗೋರಿಗೆ, ಜಾಗ ನೋಡುತ್ತಿದ್ದ ಶಕುನದವರು. ಸತ್ತವರ ಗೋರಿ ಸರಿಯಾದ ದಿಕ್ಕಿಗಿದ್ದರೆ ವಂಶ ಬೆಳಗುತ್ತದೆ, ತಪ್ಪಿದರೆ ಮೊಮ್ಮಕ್ಕಳವರೆಗೂ ಕಾಡುತ್ತದೆ ಎಂಬ ನಂಬಿಕೆ ಅವರದು. ಸೂಜಿ ಬರುವುದಕ್ಕೂ ಮುಂಚೆ ಅವರ ಬಳಿ ಒಂದು ಶಕುನದ ಮಣೆ ಇತ್ತು: ಭೂಮಿಗೆ ಚೌಕದ ಹಲಗೆ, ಅದರ ಮೇಲೆ ತಿರುಗುವ ಆಕಾಶದ ದುಂಡು ಬಿಲ್ಲೆ, ಬಿಲ್ಲೆಯ ನಡುವೆ ಸಪ್ತರ್ಷಿ ಮಂಡಲದ ಚಿತ್ರ. ಎರಡು ಸಾವಿರ ವರ್ಷಕ್ಕೂ ಹಳೆಯ ಗೋರಿಗಳಲ್ಲಿ ಇಂಥ ಮಣೆಗಳು ಸಿಕ್ಕಿವೆ. ಮ್ಯೂಸಿಯಂಗಳಲ್ಲಿ ಕಾಣುವ ಸೂಜಿಗಲ್ಲಿನ ಸೌಟಿನ ಕಥೆ ಬೇರೆ. ಕ್ರಿ.ಶ. 1ನೇ ಶತಮಾನದ ವಾಂಗ್ ಚೊಂಗ್ ಬರೆದ ಒಂದು ಚಿಕ್ಕ ಉಲ್ಲೇಖವನ್ನು ಆಧರಿಸಿ 20ನೇ ಶತಮಾನದಲ್ಲಿ ಮಾಡಿದ ಮಾದರಿ ಅದು. ಹಳೆಯ ಸೌಟು ಯಾವುದೂ ಮಣ್ಣಿನಿಂದ ಎದ್ದು ಬಂದಿಲ್ಲ.

ಸೂಜಿಯ ವಿಷಯಕ್ಕೆ ಬಂದರೆ ನಿಚ್ಚಳವಾದ ಸಾಕ್ಷಿ ಸಿಗುವುದು ಸುಮಾರು 1088ರಲ್ಲಿ, ಶೆನ್ ಕುವೊ ಎಂಬ ಅಧಿಕಾರಿಯ ಟಿಪ್ಪಣಿಗಳಲ್ಲಿ. ಈತ ಹಿಂದೆ ಸಾಮ್ರಾಜ್ಯದ ಖಗೋಳ ಕಚೇರಿಯನ್ನು ನೋಡಿಕೊಂಡವನು. ಮಾಂತ್ರಿಕ ವಿದ್ಯೆಯವರು ಸೂಜಿಯ ಮೊನೆಯನ್ನು ಸೂಜಿಗಲ್ಲಿಗೆ ಉಜ್ಜುತ್ತಾರೆ, ಆಗ ಅದು ದಕ್ಷಿಣಕ್ಕೆ ತಿರುಗುತ್ತದೆ, ಆದರೆ ಯಾವಾಗಲೂ ತುಸು ಪೂರ್ವಕ್ಕೆ ವಾಲುತ್ತದೆ ಎನ್ನುತ್ತಾನೆ. ಆಮೇಲೆ ಅದನ್ನು ಇಡುವ ಬಗೆಗಳನ್ನು ತೂಗಿ ನೋಡುತ್ತಾನೆ. ನೀರಿನ ಮೇಲೆ ತೇಲಿಸಿದರೆ ಅಲುಗುತ್ತದೆ. ಉಗುರಿನ ಮೇಲೋ ಬಟ್ಟಲಿನ ಅಂಚಿನ ಮೇಲೋ ನಿಲ್ಲಿಸಿದರೆ ಸಲೀಸಾಗಿ ತಿರುಗುತ್ತದೆ, ಆದರೆ ಜಾರಿ ಬೀಳುತ್ತದೆ. ಹೊಸ ರೇಷ್ಮೆಯ ಒಂದೇ ಎಳೆಯನ್ನು ಸಾಸಿವೆ ಕಾಳಿನಷ್ಟು ಮೇಣದಿಂದ ಸೂಜಿಯ ನಡುವಿಗೆ ಅಂಟಿಸಿ, ಗಾಳಿಯಿಲ್ಲದ ಕಡೆ ತೂಗಿಬಿಡುವುದೇ ಎಲ್ಲಕ್ಕಿಂತ ಒಳ್ಳೆಯದು.

ಇದನ್ನೋದಿ ನಾನು ಸುಮ್ಮನಿರಲಾರದೆ ರಾಮನಗರದ ಕಡೆಯ ಗೆಳೆಯನಿಂದ ನಾಲ್ಕು ಗೂಡು ತರಿಸಿ, ಬಿಸಿನೀರಿಗೆ ಹಾಕಿ ಎಳೆ ಬಿಚ್ಚಿದೆ. ಹೊಲಿಗೆಯ ದಾರಕ್ಕೆ ಕಟ್ಟಿದ ಸೂಜಿ ದಾರದ ಹುರಿಗೆ ತಕ್ಕಂತೆ ಸುತ್ತುತ್ತದೆ. ಅದು ತೋರುವುದು ದಾರದ ಮನಸ್ಸನ್ನು. ಗೂಡಿನಿಂದ ಬಿಡಿಸಿದ ಒಂಟಿ ಎಳೆಗೆ ಆ ಹುರಿಯಿಲ್ಲ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಕೂತೆ. ಸೂಜಿ ಅತ್ತಿತ್ತ ಓಲಾಡಿ, ಬಹಳ ಹೊತ್ತಿನ ಮೇಲೆ ನಿಂತಿತು. ‘ಹೊಸ ರೇಷ್ಮೆ’, ‘ಒಂದೇ ಎಳೆ’, ‘ಗಾಳಿಯಿಲ್ಲದ ಕಡೆ’ ಎಂಬ ಒಂದೊಂದು ಮಾತೂ ಕೈಯಾರೆ ಮಾಡಿದವನ ಮಾತು ಎಂದು ಆಗ ಗೊತ್ತಾಯಿತು.

ಆದರೆ ‘ತುಸು ಪೂರ್ವಕ್ಕೆ’ ಎಂಬುದು ನನ್ನ ಸೂಜಿಯಲ್ಲಿ ಕಾಣಲಿಲ್ಲ. ಬೆಂಗಳೂರಿನಲ್ಲಿ ಈ ವ್ಯತ್ಯಾಸ ಒಂದೆರಡು ಡಿಗ್ರಿ ಮಾತ್ರ. ಅಷ್ಟಕ್ಕೂ ಸೂಜಿ ವಾಲಿದೆ ಎಂದು ಹೇಳಬೇಕಾದರೆ ನಿಜವಾದ ದಕ್ಷಿಣ ಬೇರೆ ದಾರಿಯಿಂದ ಗೊತ್ತಿರಬೇಕು. ನೆಟ್ಟ ಕೋಲಿನ ನಡುಹಗಲ ನೆರಳನ್ನು ಗುರುತಿಸಿ, ಅದರ ಪಕ್ಕ ಸೂಜಿ ಇಟ್ಟು, ಒಂದೇ ಜಾಗದಲ್ಲಿ ತಾಳ್ಮೆಯಿಂದ ಹೋಲಿಸಬೇಕು. ಅಂಥ ಗರಜು ಇದ್ದದ್ದು ಶಕುನದವನಿಗೆ. ಅವನ ವೃತ್ತದಲ್ಲಿ ದಿಕ್ಕುಗಳು ಎಂಟಲ್ಲ, 24. ಒಂದೊಂದಕ್ಕೆ 15 ಡಿಗ್ರಿ, ಒಂದೊಂದಕ್ಕೂ ಒಂದು ಅಕ್ಷರ, ಒಂದು ಫಲ. ಗಡಿಯಲ್ಲಿರುವ ಗೋರಿಗೆ ಮೂರು ಡಿಗ್ರಿ ಹೆಚ್ಚುಕಡಿಮೆಯಾದರೂ ಅಕ್ಷರ ಬದಲಾಗುತ್ತದೆ, ಅದರ ಜೊತೆ ಮೊಮ್ಮಕ್ಕಳ ಹಣೆಬರಹವೂ. 1116ರಲ್ಲಿ ಔಷಧಿಗಳ ಬಗ್ಗೆ ಬರೆದ ಕೌ ಝೊಂಗ್‌ಶಿ ಕೂಡ ಸೂಜಿ ‘ಬಿಂಗ್’ ಕಡೆಗೆ ವಾಲುತ್ತದೆ ಎನ್ನುತ್ತಾನೆ. ಬಿಂಗ್ ಎಂದರೆ ಆ 24ರಲ್ಲಿ ದಕ್ಷಿಣದ ಪಕ್ಕದ ಮನೆ. ನಂಬಿಕೆ ಏನೇ ಇರಲಿ, ಅದರ ಸಲುವಾಗಿ ಮಾಡಿದ ಅಳತೆ ನಿಖರವಾಗಿತ್ತು.

ಹಡಗಿನ ಮಾತು ಬರುವುದು ಮೂರು ವರ್ಷದ ನಂತರ, 1119ರ ಹೊತ್ತಿಗೆ, ಝು ಯು ಎಂಬಾತನ ಪುಸ್ತಕದಲ್ಲಿ. ಅವನ ತಂದೆ ಗುವಾಂಗ್‌ಝೌ ಬಂದರಿನಲ್ಲಿ ಅಧಿಕಾರಿಯಾಗಿದ್ದವನು. ನಾವಿಕರು ರಾತ್ರಿ ನಕ್ಷತ್ರ ನೋಡುತ್ತಾರೆ, ಹಗಲು ಸೂರ್ಯನನ್ನು ನೋಡುತ್ತಾರೆ, ಮೋಡ ಕವಿದಾಗ ಸೂಜಿ ನೋಡುತ್ತಾರೆ ಎಂದು ಆತ ಬರೆಯುತ್ತಾನೆ. ಜೊತೆಗೆ ನೂರು ಅಡಿಯ ಹಗ್ಗಕ್ಕೆ ಕೊಕ್ಕೆ ಕಟ್ಟಿ, ಕಡಲ ತಳದ ಕೆಸರು ಎತ್ತಿ, ಮೂಸಿ, ತಾವೆಲ್ಲಿದ್ದೇವೆಂದು ಹೇಳುತ್ತಾರಂತೆ. ಸೂಜಿಗೆ ಸಿಕ್ಕಿದ್ದು ಸೂರ್ಯ ನಕ್ಷತ್ರಗಳು ಕೈಕೊಟ್ಟಾಗಿನ ಕೆಲಸ, ಅದೂ ಕೆಸರಿನ ವಾಸನೆಯ ಜೊತೆಗೆ.

ಹಡಗು ಹತ್ತಿದಾಗ ಎರಡು ಬದಲಾವಣೆ ಆದವು. ಮೊದಲನೆಯದು, ಶೆನ್ ಕುವೊ ಮೆಚ್ಚಿದ ರೇಷ್ಮೆ ಎಳೆ ಕಡಲಿಗೆ ಒಗ್ಗುವಂಥದ್ದಲ್ಲ. ತೂಗಾಡುವ ಹಡಗಿನಲ್ಲಿ ತೂಗುವ ಸೂಜಿ ನಿಲ್ಲುವುದೇ ಇಲ್ಲ. ಅಲುಗುತ್ತದೆ ಎಂದು ಅವನು ಬದಿಗಿಟ್ಟ ನೀರಿನ ಬಟ್ಟಲೇ ಅಲ್ಲಿ ಗೆದ್ದಿತು, ಏಕೆಂದರೆ ಹಡಗು ವಾಲಿದರೂ ನೀರು ಆದಷ್ಟು ಮಟ್ಟಸವಾಗಿಯೇ ಇರಲು ನೋಡುತ್ತದೆ. ಹಗುರವಾದ ಜೊಂಡಿನ ತಿರುಳಿಗೆ ಚುಚ್ಚಿದ ಸೂಜಿ ನೀರಿನಲ್ಲಿ ತೇಲುತ್ತಿತ್ತು, ಸುತ್ತಲೂ ಶಕುನದವರ ಅದೇ 24 ಅಕ್ಷರಗಳು.

ಎರಡನೆಯದು, ಪ್ರಶ್ನೆಯೇ ಬದಲಾಯಿತು. ‘ಈ ದಿಕ್ಕು ಶುಭವೇ?’ ಎಂಬ ಕಡೆ ‘ಈ ದಿಕ್ಕಿಗೆ ಹೋದರೆ ಎಲ್ಲಿ ಮುಟ್ಟುತ್ತೇನೆ?’ ಎಂಬುದು ಬಂತು. 1296ರಲ್ಲಿ ಕಾಂಬೋಡಿಯಾಕ್ಕೆ ಹೊರಟ ರಾಯಭಾರಿ ತಂಡದ ಝೌ ಡಾಗುವಾನ್ ತನ್ನ ದಾರಿಯನ್ನು ಹೀಗೆ ಹೇಳುತ್ತಾನೆ: ವೆನ್‌ಝೌ ಬಂದರಿನಿಂದ ‘ಡಿಂಗ್-ವೇ’ ಸೂಜಿ ಹಿಡಿದು ಚಂಪಾವರೆಗೆ, ಅಲ್ಲಿಂದ ಮುಂದೆ ‘ಕುನ್-ಶೆನ್’ ಸೂಜಿ. ಡಿಂಗ್ ಎಂದರೆ 195 ಡಿಗ್ರಿ, ವೇ ಎಂದರೆ 210. ಎರಡರ ನಡುವೆ 202.5, ದಕ್ಷಿಣದಿಂದ ಪಶ್ಚಿಮಕ್ಕೆ ತುಸು ತಿರುಗಿದ ದಾರಿ. ಕುನ್-ಶೆನ್ 232.5, ಇನ್ನಷ್ಟು ಪಶ್ಚಿಮ. ಶಕುನದ ಅಕ್ಷರಗಳು ಈಗ ಮಾರ್ಗದ ಹೆಸರುಗಳು.

ಗೋರಿಯವನನ್ನು ಅಷ್ಟು ಕಾಡಿದ ಆ ವಾಲಿಕೆ ನಾವಿಕನನ್ನು ಕಾಡಲಿಲ್ಲವೇ? ಐದು ಡಿಗ್ರಿ ತಪ್ಪಿದರೆ ನೂರು ಕಿಲೋಮೀಟರಿಗೆ ಸುಮಾರು ಒಂಬತ್ತು ಕಿಲೋಮೀಟರ್ ಪಕ್ಕಕ್ಕೆ ಸರಿಯುತ್ತೇವೆ. ಆದರೆ ಅವನ ಮಾರ್ಗವನ್ನು ಬರೆದಿಟ್ಟದ್ದೂ ಅಂಥದ್ದೇ ಸೂಜಿಯಿಂದ. ಹಿಂದೆ ಹೋದವನ ಸೂಜಿ ಎಷ್ಟು ವಾಲಿತ್ತೋ ಇವನದೂ ಹೆಚ್ಚುಕಡಿಮೆ ಅಷ್ಟೇ ವಾಲುತ್ತದೆ. ತಪ್ಪಿಗೆ ತಪ್ಪು ವಜಾ. ನಿಜವಾದ ದಕ್ಷಿಣ ಯಾವುದೆಂದು ತಿಳಿಯದೆಯೂ ಊರು ಮುಟ್ಟಬಹುದಿತ್ತು.

ಹಾಗಾದರೆ ಮೂಢನಂಬಿಕೆ ದಡದಲ್ಲೇ ಉಳಿದು ವಿಜ್ಞಾನ ಮಾತ್ರ ಹಡಗು ಹತ್ತಿತೇ? ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ‘ಶುನ್‌ಫೆಂಗ್ ಶಿಯಾಂಗ್‌ಸೊಂಗ್’ ಎಂಬ ಚೀನೀ ನಾವಿಕರ ಕೈಬರಹದ ಪುಸ್ತಕವಿದೆ. ಆರ್ಚ್‌ಬಿಷಪ್ ವಿಲಿಯಂ ಲಾಡ್ 1639ರಲ್ಲಿ ಕೊಟ್ಟದ್ದು. ಬಂದರಿನಿಂದ ಬಂದರಿಗೆ ಯಾವ ಸೂಜಿ, ಎಷ್ಟು ಜಾವ ಎಂಬ ಲೆಕ್ಕದ ಪುಸ್ತಕ ಅದು. ಅದರಲ್ಲಿ, ಬಟ್ಟಲಿನ ನೀರಿಗೆ ಸೂಜಿ ಬಿಡುವಾಗ ಹೇಳಬೇಕಾದ ಪ್ರಾರ್ಥನೆಯೂ ಇದೆ. ಅಲ್ಲಿ ಕರೆಯುವ ಗುರುಗಳ ಸಾಲಿನಲ್ಲಿ ಗುವೊ ಪು ಮತ್ತು ಯಾಂಗ್ ಜಿಯೋಪಿನ್ ಇದ್ದಾರೆ. ಇಬ್ಬರೂ ಕಡಲಿನವರಲ್ಲ, ಗೋರಿಗೆ ಜಾಗ ನೋಡುವ ವಿದ್ಯೆಯ ಹಿರಿಯರು. ಸೂಜಿ ಯಾರ ಮನೆಯಿಂದ ಬಂದದ್ದು ಎಂಬುದನ್ನು ನಾವಿಕರು ಮರೆತಿರಲಿಲ್ಲ.