ಅವ್ವನ ಓಟು ಮತ್ತು ನಾಲ್ಕು ಪದ



ತಂಗಿ ಮಗಳಿಗೆ ಹದಿನೆಂಟು ತುಂಬಿತು. ಓಟರ್ ಕಾರ್ಡ್ ಕೈಗೆ ಬಂದ ದಿನ ನಮ್ಮನೆಗೆ ಬಂದವಳು, "ಮಾವ, ಕ್ಷೇತ್ರ, ಪ್ರಣಾಳಿಕೆ, ಉಪಚುನಾವಣೆ, ಮತಪತ್ರ ಅಂತೆಲ್ಲ ಪೇಪರಲ್ಲಿ ಬರ್ತದೆ. ಕನ್ನಡಾನೇ, ಆದ್ರೂ ಅರ್ಥ ಆಗಲ್ಲ" ಅಂದಳು. ಆಫೀಸಲ್ಲಿ ಇಪ್ಪತ್ತು ವರ್ಷ ಇಂಥ ಪದಗಳನ್ನೇ ಟೈಪ್ ಮಾಡಿದವನು ನಾನು. ಆದರೂ ಬಾಯಲ್ಲಿ ಹೇಳೋಕೆ ಹೋದಾಗ ತಡವರಿಸಿದೆ.

ಕ್ಷೇತ್ರದಿಂದ ಶುರು ಮಾಡಿದೆ. ಒಬ್ಬ ಎಂಎಲ್ಎಯನ್ನು ಆರಿಸುವ ಊರುಗಳ ಗುಂಪಿಗೆ ಗೆರೆ ಹಾಕಿದರೆ ಅದು ವಿಧಾನಸಭಾ ಕ್ಷೇತ್ರ. ನಮ್ಮ ರಾಜ್ಯದಲ್ಲಿ ಅಂಥವು 224. ಅದರಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಮೀಸಲು ಅಂದರೆ ನಿಲ್ಲೋರು ಮಾತ್ರ ನಮ್ಮವರು, ಓಟು ಹಾಕೋರು ಊರಿನ ಎಲ್ಲರೂ. ಇದನ್ನ ಎಷ್ಟೋ ಜನ ತಪ್ಪು ತಿಳಿದಿದ್ದಾರೆ. ಗೆರೆ ಶಾಶ್ವತ ಅಲ್ಲ ಅನ್ನೋದಕ್ಕೆ ಚಾಮರಾಜನಗರದ ಕಡೆಯ ಸಂತೇಮರಹಳ್ಳಿಯನ್ನೇ ನೋಡಿ. ಅದೊಂದು ಮೀಸಲು ಕ್ಷೇತ್ರವಾಗಿತ್ತು. 2008ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು. ಅದಕ್ಕೂ ಮುಂಚೆ 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ಎದುರು ಗೆದ್ದದ್ದು ಒಂದೇ ಒಂದು ಓಟಿನಿಂದ.

"ಒಂದಾ?" ಅಂದಳು ಕೂಸು. ಒಂದೇ ಕಣವ್ವ.

ಪ್ರಣಾಳಿಕೆ ಬೇಗ ಮುಗಿಯಿತು. ಗೆದ್ದರೆ ಇದಿದು ಮಾಡ್ತೀವಿ ಅಂತ ಪಕ್ಷ ಅಚ್ಚು ಹಾಕಿಸುವ ಪಟ್ಟಿ. ಮಾಡದಿದ್ದರೆ ಕೋರ್ಟಿಗೆ ಎಳೆದು ಮಾಡಿಸೋಕಾಗಲ್ಲ. ಹಳೇ ಪ್ರಣಾಳಿಕೆ ಎತ್ತಿಟ್ಟುಕೊಂಡಿರು, ಮುಂದಿನ ಸಲ ಬಾಗಿಲಿಗೆ ಬಂದಾಗ ತೋರಿಸಬಹುದು ಅಂದೆ. ಉಪಚುನಾವಣೆ ಅಂದರೆ ನಡುವೆ ಖಾಲಿಯಾದ ಒಂದು ಸೀಟಿಗೆ ಮಾತ್ರ ನಡೆಯುವ ಚುನಾವಣೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ಆಗಬೇಕು. ಅವಧಿ ಒಂದು ವರ್ಷಕ್ಕಿಂತ ಕಮ್ಮಿ ಉಳಿದಿದ್ದರೆ ಕಡ್ಡಾಯವಿಲ್ಲ. 2024ರಲ್ಲಿ ಸಂಡೂರು, ಶಿಗ್ಗಾವಿ, ಚನ್ನಪಟ್ಟಣದ ಶಾಸಕರು ಲೋಕಸಭೆಗೆ ಹೋದದ್ದರಿಂದ ಅಲ್ಲಿ ಆಯಿತಲ್ಲ, ಅದು. ಬಾಬಾಸಾಹೇಬರು 1954ರಲ್ಲಿ ಭಂಡಾರಾದಲ್ಲಿ ನಿಂತು ಸೋತದ್ದೂ ಉಪಚುನಾವಣೆಯಲ್ಲೇ.

ಮತಪತ್ರದ ಹತ್ತಿರ ಬಂದಾಗ ನನ್ನ ಗಂಟಲು ಕಟ್ಟಿತು. ಅವ್ವ ನೆನಪಾದಳು.

ನಾನು ಚಿಕ್ಕವನಿದ್ದಾಗ ಅವ್ವ ಬಿಸಿಲಲ್ಲಿ ಎರಡು ಗಂಟೆ ನಿಂತು ಒಳಗೆ ಹೋದಳು. "ನಿನ್ನ ಓಟು ಆಗೋಯ್ತಲ್ಲಮ್ಮ" ಅಂದರಂತೆ. ಹೆಸರಿನ ಮುಂದೆ ಆಗಲೇ ಗುರುತು ಬಿದ್ದಿತ್ತು. ಅವ್ವ ಬೆರಳು ತೋರಿಸಿದಳು, ಶಾಯಿ ಇಲ್ಲ. ಆದರೂ ವಾಪಸ್ ಕಳಿಸಿದರು. ಸುಮ್ಮನೆ ಬಂದು ಒಲೆ ಹಚ್ಚಿದಳು.

ಅವತ್ತು ನಮಗೆ ಗೊತ್ತಿರದ ಪದ ಟೆಂಡರ್ ಓಟು. ನಿನ್ನ ಹೆಸರಲ್ಲಿ ಬೇರೆ ಯಾರೋ ಹಾಕಿ ಹೋಗಿದ್ದರೆ ಮತಗಟ್ಟೆಯ ಪ್ರಿಸೈಡಿಂಗ್ ಆಫೀಸರ್ ಹತ್ತಿರ ಹೋಗಿ ಕೇಳಬೇಕು. ಅವರು ನೀನು ನೀನೇ ಹೌದಾ ಅಂತ ಪ್ರಶ್ನೆ ಕೇಳ್ತಾರೆ. ಉತ್ತರ ಸರಿಯಿದ್ದರೆ ಮಷೀನ್ ಮುಟ್ಟಿಸಲ್ಲ, ಕಾಗದದ ಮತಪತ್ರ ಕೊಡ್ತಾರೆ. ಬೇರೆ ಪಟ್ಟಿಯಲ್ಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಮರೆಯಲ್ಲಿ ಸೀಲು ಒತ್ತಿ, ಮಡಚಿ ಕೊಟ್ಟರೆ ಬೇರೆ ಲಕೋಟೆಯಲ್ಲಿ ಇಡ್ತಾರೆ. ನಿಜ ಹೇಳಬೇಕಲ್ಲ: ಎಣಿಕೆ ದಿನ ಆ ಲಕೋಟೆ ಒಡೆಯಲ್ಲ. ಗೆಲುವಿನ ಅಂತರ ತೀರಾ ಕಮ್ಮಿಯಾಗಿ ಯಾರಾದರೂ ಹೈಕೋರ್ಟಿಗೆ ಹೋದರೆ ಮಾತ್ರ ಅದಕ್ಕೆ ಬೆಲೆ. ಸಂತೇಮರಹಳ್ಳಿ ಥರದ ಕಡೆ ಅಂಥ ಒಂದು ಕಾಗದ ಏನು ಮಾಡಬಹುದು, ನೀವೇ ಯೋಚನೆ ಮಾಡಿ. ಇನ್ನೊಂದು ಮಾತು, ಕೇಳದಿದ್ದರೆ ಯಾರೂ ಕರೆದು ಕೊಡಲ್ಲ.

ಆಮೇಲೆ ಹುಡುಗಿ ಮೆತ್ತಗೆ ಕೇಳಿದಳು, "ನಾನು ಯಾರಿಗೆ ಹಾಕಿದೆ ಅಂತ ಅವರಿಗೆ ಗೊತ್ತಾಗ್ತದಂತಲ್ಲ ಮಾವ?" ಈ ಮಾತು ಕೇರಿಗೆ ಎಲ್ಲಿಂದ ಬರ್ತದೆ ಅಂತ ನಮಗೆಲ್ಲ ಗೊತ್ತು. ಗುಂಡಿ ಒತ್ತಿದ ಮೇಲೆ ಪಕ್ಕದ ವಿವಿಪ್ಯಾಟ್ ಗಾಜಿನಲ್ಲಿ ಏಳು ಸೆಕೆಂಡ್ ಒಂದು ಚೀಟಿ ಕಾಣ್ತದೆ. ಅದರಲ್ಲಿ ಅಭ್ಯರ್ಥಿಯ ಹೆಸರು, ಕ್ರಮಸಂಖ್ಯೆ, ಚಿಹ್ನೆ ಇರ್ತದೆ. ನಿನ್ನ ಹೆಸರೂ ಇಲ್ಲ, ನಿನ್ನ ನಂಬರೂ ಇಲ್ಲ. ಚೀಟಿ ಕತ್ತರಿಸಿ ಪೆಟ್ಟಿಗೆಗೆ ಬೀಳ್ತದೆ.

ಆದರೆ ಪೂರ್ತಿ ಸುಳ್ಳೂ ಅಲ್ಲ ಅಂತ ಹೇಳಲೇಬೇಕಾಯಿತು. ಲೆಕ್ಕ ಮತಗಟ್ಟೆವಾರು ಹೊರಬರ್ತದೆ. ಒಂದು ಮತಗಟ್ಟೆಯಲ್ಲಿ ಹೆಚ್ಚುಕಮ್ಮಿ ನಮ್ಮ ಕೇರಿಯವರೇ ಇದ್ದರೆ, ಕೇರಿ ಯಾವ ಕಡೆ ವಾಲಿತು ಅಂತ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಆಮೇಲೆ ಬೋರ್‌ವೆಲ್ ಯಾವ ಬೀದಿಗೆ ಅನ್ನೋದು ಶುರುವಾಗ್ತದೆ. ಹಲವು ಮಷೀನುಗಳ ಓಟು ಕೂಡಿಸಿ ಒಟ್ಟಿಗೆ ತೋರಿಸುವ ಟೋಟಲೈಸರ್ ಬೇಕು ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿದೆ, ಸರ್ಕಾರಗಳು ಒಪ್ಪಿಲ್ಲ. ಯಾವ ಪಕ್ಷದ ಪ್ರಣಾಳಿಕೆಯಲ್ಲಾದರೂ ಈ ಸಾಲು ನೋಡಿದ್ದರೆ ಕಾಮೆಂಟಲ್ಲಿ ಹಾಕಿ, ನಾನಂತೂ ನೋಡಿಲ್ಲ.

ಹೊರಡುವಾಗ ಅವಳು ಫೋನ್ ತೆಗೆದು ಟೆಂಡರ್ ಓಟು ಅಂತ ಬರೆದುಕೊಂಡಳು. "ಅಜ್ಜಿಗೂ ಹೇಳ್ತೀನಿ" ಅಂದಳು. ಅವ್ವ ಹಜಾರದಲ್ಲೇ ಕೂತು ಎಲೆಅಡಿಕೆ ಹಾಕ್ಕೊಳ್ತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. "ಅವತ್ತೇ ಹೇಳೋರು ಇದ್ದಿದ್ರೆ" ಅಂದಳು ಅಷ್ಟೇ.