ಕೀಮೋ ಕೊಡುವಗ ಹಾಕುವ ತಂಪು ಟೊಪ್ಪಿ

ಕೀಮೋ ಬೇಕು ಹೇಳಿ ಡಾಕ್ಟ್ರು ಹೇಳಿದ ಕೂಡ್ಲೆ ಹೆಮ್ಮಕ್ಕೊ ಕೇಳುದು, "ತಲೆಕಸವು ಪೂರ ಹೋಕೋ?" ಹೇಳಿ. ಎನ್ನ ಅತ್ತಿಗೆಯೂ ಅದನ್ನೇ ಕೇಳಿದವು. ಅವಕ್ಕೆ ಮೊಲೆಯ ಕ್ಯಾನ್ಸರ್. ಬೆಂಗ್ಳೂರಿನ ಒಂದು ಆಸ್ಪತ್ರೆಲಿ ಕೀಮೋ ಕೊಡುವಗ ತಲೆಗೆ ತಂಪು ಟೊಪ್ಪಿ ಹಾಕಿದವು. ಪುತ್ತೂರು, ಸುಳ್ಯ, ಕಡಬದ ನಮ್ಮೋರು ಸುಮಾರು ಜೆನ ಅದರ ವಿಚಾರ್ಸಿದ ಕಾರಣ ಬರೆತ್ತಾ ಇದ್ದೆ.

ಕೀಮೋ ಮದ್ದು ಬೇಗ ಬೇಗ ಬೆಳವ ಕಣಂಗಳ ಕೊಲ್ಲುತ್ತು. ಕಸವಿನ ಬುಡದ ಕಣಂಗಳೂ ಹಾಂಗೇ ಬೆಳವದು, ಅದಕ್ಕೂ ಪೆಟ್ಟು ಬೀಳ್ತು. ತಲೆಯ ಚರ್ಮವ ಸುಮಾರು 20 ಡಿಗ್ರಿಗೆ ತಂಪು ಮಾಡಿರೆ ಅಲ್ಯಾಣ ನೆತ್ತರಿನ ನಾಳಂಗೊ ಸಣ್ಣ ಆಗಿ, ಬುಡಕ್ಕೆ ಎತ್ತುವ ಮದ್ದು ಕಮ್ಮಿ ಆವ್ತು. ದೋಸೆ ಹಿಟ್ಟಿನ ಫ್ರಿಜ್ಜಿಲಿ ಮಡಗಿರೆ ಹುಳಿ ಬಪ್ಪದು ತಡವಾದ ಹಾಂಗೆ, ಕಣಂಗಳ ಕೆಲಸವೂ ನಿಧಾನ ಆವ್ತು.

ಅತ್ತಿಗೆಗೆ ಪ್ಯಾಕ್ಲಿಟ್ಯಾಕ್ಸೆಲ್ ಹೇಳ್ತ ಮದ್ದು, ವಾರಕ್ಕೊಂದರಿ, 12 ವಾರ. ಎಣ್ಣೆ ಹಾಕದ್ದೆ ಹೋಯೆಕ್ಕು. ಅಲ್ಲಿ ಕಸವಿನ ಚೆಂಡಿ ಮಾಡಿ, ಜೆಡೆ ಬಿಡ್ಸಿ, ಚಪ್ಪಟೆಗೆ ಬಾಚಿ ಟೊಪ್ಪಿ ಹಾಕುತ್ತವು. ಅದರ ಒಳಾಣ ನಳಿಗೆಲಿ ತಣ್ಣನೆ ದ್ರವ ತಿರುಗಿಗೊಂಡೇ ಇರ್ತು. ಮದ್ದಿಂದ ಅರ್ಧ ಗಂಟೆ ಮದಲೇ ಸುರು, ಮದ್ದು ಹೋಪ ಒಂದು ಗಂಟೆ, ಮುಗುದ ಮತ್ತೆ ಇನ್ನೊಂದು ಅರ್ಧ ಗಂಟೆ. ಕೆಲವು ಮದ್ದಿಂಗೆ ಅಖೇರಿಗೆ ಒಂದೂವರೆ ಗಂಟೆಯೂ ಬೇಕಾವ್ತು. ಸುರುವಾಣ ಹತ್ತು ಹದಿನೈದು ನಿಮಿಷ ಚಳಿಗೆ ತಲೆ ಸಿಡಿತ್ತು, ಮತ್ತೆ ಮರಗಟ್ಟುತ್ತು.

ಟೊಪ್ಪಿ ಚರ್ಮಕ್ಕೆ ಅಂಟಿಯೇ ಕೂರೆಕ್ಕು. ಅತ್ತಿಗೆಯ ನೆತ್ತಿಲಿ ರಜ ಎಡೆ ಒಳುದು, ಅಲ್ಲಿ ರುಪಾಯಿಯಷ್ಟು ಅಗಲ ಬೋಳಾತು. ಅದರ ನೋಡಿ ಮತ್ತಾಣ ವಾರ ಸಣ್ಣ ಅಳತೆಯ ಟೊಪ್ಪಿ ಹಾಕಿದವು. ಬಾಕಿ ಕಸವು ತೆಳು ಆತು, ಆದರೆ ಸೆರಗು ಹೊದವ ಅಗತ್ಯ ಬಯಿಂದಿಲ್ಲೆ.

ಎಲ್ಲೋರಿಂಗೂ ಹೀಂಗೆ ಆವ್ತು ಹೇಳಿ ಇಲ್ಲೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವು 2020ಲಿ ಪ್ರಕಟ ಮಾಡಿದ ಅಧ್ಯಯನಲ್ಲಿ, ಟೊಪ್ಪಿ ಹಾಕಿದ ಹೆಮ್ಮಕ್ಕಳಲ್ಲಿ ಅರ್ಧಂದ ರಜ ಹೆಚ್ಚು ಜೆನಕ್ಕೆ ಕಸವು ಒಳುದ್ದು, ಹಾಕದ್ದವರಲ್ಲಿ ಆರಿಂಗೂ ಒಳುದ್ದಿಲ್ಲೆ. ಒಳಿವದು ಹೇಳಿರೂ ಉದುರದ್ದೆ ಇಪ್ಪದಲ್ಲ, ಅರ್ಧವೋ ಹೆಚ್ಚೋ ತಲೆಲಿ ಇಪ್ಪದು. ಡಾಕ್ಸೊರುಬಿಸಿನ್ ಹೇಳ್ತ ಕೆಂಪು ಬಣ್ಣದ ಮದ್ದಿಂಗೆ ಇದರ ಗುಣ ಪ್ಯಾಕ್ಲಿಟ್ಯಾಕ್ಸೆಲಿನಷ್ಟು ಇಲ್ಲೆ.

ನೆತ್ತರಿನ ಕ್ಯಾನ್ಸರ್, ಲಿಂಫೋಮಾ ಇಪ್ಪವಕ್ಕೆ ಈ ಟೊಪ್ಪಿ ಆಗ. ಅದರ ಕಣಂಗೊ ನೆತ್ತರಿನೊಟ್ಟಿಂಗೆ ತಲೆಯ ಚರ್ಮಲ್ಲಿಯೂ ಇಕ್ಕು; ತಂಪು ಮಾಡಿರೆ ಮದ್ದು ಸಿಕ್ಕದ್ದೆ ಅದುದೇ ಬದುಕ್ಕುಗು. ತಲೆಯ ಚರ್ಮಕ್ಕೆ ಕ್ಯಾನ್ಸರ್ ಹಬ್ಬಿದವಕ್ಕೆ, ಚಳಿ ತಾಗಿರೆ ಮೈಲಿ ದಡಿಕೆ ಏಳುವವಕ್ಕೆ ಕೂಡ ಆಗ.

ಮನೆಂದ ಐಸ್ ತೆಕ್ಕೊಂಡು ಹೋಗಿ ತಲೆಗೆ ಕಟ್ಟಿಗೊಂಬ ಯೋಚನೆ ಬೇಡ. ಒಂದೇ ಹದದ ತಂಪು ಸಿಕ್ಕ, ಚರ್ಮ ಚಳಿಗೆ ಸುಟ್ಟ ಹಾಂಗೆ ಅಕ್ಕು.

ಕಸವು ಉದುರುಲೆ ಸುರು ಅಪ್ಪದು ಸುರುವಾಣ ಕೀಮೋ ಆಗಿ ಎರಡು ಮೂರು ವಾರಲ್ಲಿ. ಆದರೆ ಬುಡಕ್ಕೆ ಪೆಟ್ಟು ಬಿದ್ದಾದ್ದು ಅದೇ ದಿನ. ಹಾಂಗಾಗಿ ಆ ಸುರುವಾಣ ಕೀಮೋಕ್ಕೆ ಹೋಪ ಮದಲೇ ಕೇಳೆಕ್ಕು: ಎನ್ನ ಮದ್ದು ಯಾವುದು, ಇದಕ್ಕೆ ಟೊಪ್ಪಿ ಹಿಡಿತ್ತೋ, ಮಿಷನು ನಿಂಗಳಲ್ಲಿ ಇದ್ದೋ, ಒಂದರಿಗೆ ಎಷ್ಟು ಪೈಸೆ.