ಒಂದೇ ಬಿಲ್ಲು, ಎರಡು ಪಾವತಿ: ಪಂಚಾಯಿತಿ ಕ್ಯಾಶ್‌ಬುಕ್ ಜಾಲಾಡಿದ ಕಥೆ

ಗ್ರಾಮ ಪಂಚಾಯಿತಿಯಲ್ಲಿ ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಹೋಗಿದೆ ಎಂಬ ಮಾತು ಹೋಟೆಲ್ ಕಟ್ಟೆಯಲ್ಲಿ ಸುಲಭವಾಗಿ ಹುಟ್ಟುತ್ತದೆ. ಅದನ್ನು ಕಾಗದದ ಮೇಲೆ ತೋರಿಸುವುದು ಮಾತ್ರ ಕಷ್ಟ. ನಮ್ಮ ತಾಲ್ಲೂಕಿನ ಒಂದು ಪಂಚಾಯಿತಿಯ 2022-23ನೇ ಸಾಲಿನ ಕ್ಯಾಶ್‌ಬುಕ್ಕನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆದೆವು. ಪಂಚಾಯಿತಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹುಡುಕಿದ ಬಗೆಯನ್ನಷ್ಟೇ ಹೇಳುತ್ತೇವೆ, ಬೇರೆ ಜಿಲ್ಲೆಯ ಗೆಳೆಯರಿಗೆ ಬೇಕಾದೀತು.

ಸಿಕ್ಕಿದ್ದು 94 ಪುಟಗಳ ಪ್ರಿಂಟು. ಪಾವತಿ ಬದಿಯಲ್ಲಿದ್ದ 1,412 ನಮೂದುಗಳನ್ನು ಐದು ಸಂಜೆ ಕೂತು ಎಕ್ಸೆಲ್‌ಗೆ ಏರಿಸಿದೆವು. ಒಬ್ಬರು ಓದುವುದು, ಒಬ್ಬರು ಟೈಪ್ ಮಾಡುವುದು. ದಿನಾಂಕ, ವೋಚರ್ ಸಂಖ್ಯೆ, ಯಾರಿಗೆ, ಬಿಲ್ ಸಂಖ್ಯೆ, ಯಾವ ಖಾತೆಯಿಂದ, ಮೊತ್ತ, ವಿವರ ಎಂದು ಏಳು ಕಾಲಂ. ಟೈಪ್ ಮಾಡುವ ಮುಂಚೆ ಬಿಲ್ ಸಂಖ್ಯೆಯ ಕಾಲಂ ಅನ್ನು Text ಎಂದು ಬದಲಿಸಿಕೊಳ್ಳಬೇಕು. ಇಲ್ಲದಿದ್ದರೆ 5/22 ಎಂಬ ಬಿಲ್ ಸಂಖ್ಯೆಯನ್ನು ಎಕ್ಸೆಲ್ ತಾನಾಗಿಯೇ ಮೇ ತಿಂಗಳ ದಿನಾಂಕ ಮಾಡಿಬಿಡುತ್ತದೆ. ಪ್ರತಿ ತಿಂಗಳು ಮುಗಿದಾಗಲೂ ನಮ್ಮ ಮೊತ್ತವನ್ನು ಪ್ರಿಂಟಿನಲ್ಲಿದ್ದ ತಿಂಗಳ ಒಟ್ಟು ಮೊತ್ತದ ಜೊತೆ ತಾಳೆ ನೋಡಿದೆವು. ಎರಡೂ ಕೂಡಿದರೆ ಮಾತ್ರ ಮುಂದಿನ ತಿಂಗಳು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಅದೇ ಹೆಸರು, ಅದೇ ಬಿಲ್ ಸಂಖ್ಯೆ, ಅದೇ ಮೊತ್ತ ಒಂದಕ್ಕಿಂತ ಹೆಚ್ಚು ಸಲ ಇದೆಯೇ ಎಂದು ಎಣಿಸುವ ಸೂತ್ರ:

```
=COUNTIFS(C:C,C2,D:D,D2,F:F,F2)
```

ಇಡೀ ವರ್ಷದಲ್ಲಿ ಸಿಕ್ಕಿದ್ದು ಒಂದೇ ಜೋಡಿ. ಅದೂ ಒಂದು ಬಿಲ್ಲನ್ನು ಅರ್ಧರ್ಧ ಮಾಡಿ ಎರಡು ಕಂತಿನಲ್ಲಿ ಕೊಟ್ಟದ್ದು. ಇದರಲ್ಲಿ ಆಶ್ಚರ್ಯವಿಲ್ಲ. ಎರಡನೇ ಸಲ ದುಡ್ಡು ಹೋಗುವಾಗ ನಮೂದು ಮೊದಲಿನಂತೆಯೇ ಇರುವುದು ಅಪರೂಪ. ಬರೆದವರು ಬೇರೆ, ತಿಂಗಳು ಬೇರೆ, ಎಷ್ಟೋ ಸಲ ಖಾತೆಯೇ ಬೇರೆ. ಒಂದು ಕಡೆ ಬಿಲ್ ಸಂಖ್ಯೆ 047 ಎಂದಿದ್ದರೆ ಇನ್ನೊಂದು ಕಡೆ 47/22-23 ಎಂದಿರುತ್ತದೆ. ಒಂದು ಕಡೆ ಅಂಗಡಿಯ ಹೆಸರು, ಇನ್ನೊಂದು ಕಡೆ ಮಾಲೀಕರ ಹೆಸರು.

ಹಾಗಾಗಿ ಹೆಸರುಗಳನ್ನು ಮೊದಲು ಸರಿಮಾಡಿಕೊಂಡೆವು. ಪಟ್ಟಿಯಲ್ಲಿ 83 ಹೆಸರುಗಳಿದ್ದವು. ಊರಿನವರನ್ನು ಕೇಳಿ, ಬೋರ್ಡು ನೋಡಿ, ಯಾವ ಹೆಸರು ಯಾರದ್ದು ಎಂದು ಜೋಡಿಸಿದಾಗ 61 ಉಳಿದವು. ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು H ಕಾಲಂನಲ್ಲಿ ಬರೆದೆವು. ಆಮೇಲೆ ಆ ಸಂಖ್ಯೆಯ ಪ್ರಕಾರ, ಅದರೊಳಗೆ ಮೊತ್ತದ ಪ್ರಕಾರ ಇಡೀ ಹಾಳೆಯನ್ನು ವಿಂಗಡಿಸಿ, ಪ್ರತಿ ಸಾಲನ್ನೂ ಅದರ ಮೇಲಿನ ಸಾಲಿಗೆ ಹೋಲಿಸಿದೆವು:

```
=IF(AND(H3=H2,ABS(F3-F2)<=F3*0.05),"ನೋಡಿ","")
```

ಒಬ್ಬರದೇ ಎರಡು ಪಾವತಿಗಳ ನಡುವೆ ಶೇ 5ರೊಳಗಿನ ವ್ಯತ್ಯಾಸವಿದ್ದರೆ ಈ ಸೂತ್ರ ಎತ್ತಿ ತೋರಿಸುತ್ತದೆ. ಶೇ 5 ಯಾಕೆಂದರೆ, ಒಬ್ಬ ಗುಮಾಸ್ತರು ಬಿಲ್ಲಿನ ಪೂರ್ತಿ ಮೊತ್ತ ಬರೆದರೆ ಇನ್ನೊಬ್ಬರು ತೆರಿಗೆ ಕಡಿತವಾದ ಮೇಲೆ ಕೈಗೆ ಕೊಟ್ಟಷ್ಟನ್ನೇ ಬರೆಯುತ್ತಾರೆ. ಬಿಲ್ಲು ಒಂದೇ ಆದರೂ ಅಂಕಿ ಎರಡಾಗುತ್ತದೆ.

ಹೀಗೆ 137 ಸಾಲುಗಳು ಎದ್ದು ಬಂದವು. ಬಹುಪಾಲು ಪ್ರತಿ ತಿಂಗಳೂ ಬರುವಂಥವು: ನೀರಗಂಟಿಯ ವೇತನ, ಟ್ಯಾಂಕರ್ ಬಾಡಿಗೆ. ಅವನ್ನು ತೆಗೆದಾಗ 19 ಜೋಡಿ ಉಳಿದವು.

ಇಲ್ಲಿಯೇ ಸುದ್ದಿ ಬರೆಯುವ ಆಸೆ ಆಗುತ್ತದೆ. ಆದರೆ ಎಕ್ಸೆಲ್ ತೋರಿಸಿದ್ದು ಅನುಮಾನ ಮಾತ್ರ. 19 ಜೋಡಿಗಳ ವೋಚರ್, ಬಿಲ್ಲು, ಎಂ.ಬಿ. ಪುಸ್ತಕಗಳನ್ನು ಕಚೇರಿಯಲ್ಲೇ ಕೂತು ನೋಡಲು ಮತ್ತೊಂದು ಅರ್ಜಿ ಹಾಕಿದೆವು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಡತ ಪರಿಶೀಲನೆಗೂ ಅವಕಾಶವಿದೆ. ಹನ್ನೆರಡು ಜೋಡಿಗಳಲ್ಲಿ ಕೆಲಸವೇ ಬೇರೆ ಬೇರೆಯಾಗಿತ್ತು, ಬಿಲ್ಲೂ ಎರಡಿದ್ದವು. ನಾಲ್ಕು ಜೋಡಿಗಳಲ್ಲಿ ಮೊದಲ ಪಾವತಿ ಬ್ಯಾಂಕಿನಿಂದ ವಾಪಸ್ ಬಂದಿತ್ತು. ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ವಿಲೀನವಾದ ಮೇಲೆ ಹಳೆಯ ಐಎಫ್‌ಎಸ್‌ಸಿ ಕೋಡುಗಳು 2021ರ ಜುಲೈನಿಂದ ನಿಂತುಹೋದವು. ಆದರೆ ಅವರ ಹಳೇ ಕೋಡೇ ಕಡತದಲ್ಲಿ ಉಳಿದಿತ್ತು. ವಾಪಸ್ ಬಂದ ದುಡ್ಡು ಕ್ಯಾಶ್‌ಬುಕ್ಕಿನ ಜಮಾ ಬದಿಯಲ್ಲಿ ಕೂತಿರುತ್ತದೆ. ಪಾವತಿ ಬದಿಯನ್ನಷ್ಟೇ ನೋಡುವವರ ಕಣ್ಣಿಗೆ ಅದು ಎರಡು ಸಲ ಕೊಟ್ಟಂತೆಯೇ ಕಾಣುತ್ತದೆ. ಇನ್ನೊಂದು ಜೋಡಿಗೆ ಎಂ.ಬಿ. ಪುಸ್ತಕದಲ್ಲಿ ಎರಡು ಬೇರೆ ರಸ್ತೆಗಳ ಅಳತೆ ಸಿಕ್ಕಿತು.

ಉಳಿದದ್ದು ಎರಡು. ಒಂದು ಚಿಕ್ಕದು, ಸ್ಟೇಷನರಿ ಬಿಲ್ಲು. ಮೊದಲ ವೋಚರಿಗೆ ಮೂಲ ಬಿಲ್ಲು, ಎರಡನೆಯದಕ್ಕೆ ಅದರದೇ ಜೆರಾಕ್ಸ್. ಮೂಲದ ಮೇಲೆ ‘ಪಾವತಿಸಲಾಗಿದೆ’ ಎಂಬ ಮೊಹರು ಬಿದ್ದಿರಲಿಲ್ಲ.

ಇನ್ನೊಂದು ಬೀದಿದೀಪದ್ದು. 2022ರ ಸೆಪ್ಟೆಂಬರ್ 12ರಂದು 15ನೇ ಹಣಕಾಸು ಅನುದಾನದಿಂದ ಬಿಲ್ 047ಕ್ಕೆ 48,600 ರೂಪಾಯಿ. 2023ರ ಜನವರಿ 9ರಂದು ಪಂಚಾಯಿತಿಯ ಸ್ವಂತ ಖಾತೆಯಿಂದ, ಚೆಕ್ ಮೂಲಕ, ಬಿಲ್ 47/22-23ಕ್ಕೆ 48,114 ರೂಪಾಯಿ. ವ್ಯತ್ಯಾಸ 486. ಅಂದರೆ ಸರಿಯಾಗಿ ಶೇ 1, ಗುತ್ತಿಗೆದಾರರ ಬಿಲ್ಲಿನಲ್ಲಿ ಹಿಡಿಯುವ ಆದಾಯ ತೆರಿಗೆ. ಎರಡೂ ವೋಚರುಗಳು ಎಂ.ಬಿ. ಪುಸ್ತಕದ ಒಂದೇ ಪುಟವನ್ನು ತೋರಿಸುತ್ತಿದ್ದವು. ಕಂಪ್ಯೂಟರಿನಲ್ಲಿ ಹೋದ ಪಾವತಿಗೂ ಚೆಕ್‌ಬುಕ್ಕಿನಲ್ಲಿ ಹೋದ ಪಾವತಿಗೂ ಒಂದರ ಸುಳಿವು ಇನ್ನೊಂದಕ್ಕಿರಲಿಲ್ಲ.

ದೀಪದ ಕೆಲಸ ಮಾಡಿದವರ ಅಂಗಡಿಗೆ ಹೋದೆವು. ಅವರು ಮುಚ್ಚಿಡಲಿಲ್ಲ. “ಜನವರೀಲಿ ಬಂದಿದ್ದು ಇನ್ನೊಂದು ಬಿಲ್ಲಿಂದು ಅಂದ್ಕೊಂಡಿದ್ದೆ ಸಾರ್, ನಂದು 52ನೇ ನಂಬರ್ ಬಿಲ್ಲು ಇನ್ನೂ ಬಾಕಿ ಐತಲ್ಲ” ಎಂದು ಬಿಲ್‌ಬುಕ್ ತೆಗೆದು ತೋರಿಸಿದರು. ಆ ಬಿಲ್ಲು 31,200 ರೂಪಾಯಿಯದು. ನಮ್ಮ ಹಾಳೆಯಲ್ಲಿ ಹುಡುಕಿದೆವು. 52 ಎಲ್ಲೂ ಇರಲಿಲ್ಲ. ಪಿಡಿಒ ಅವರ ಮುಂದೆ ಎರಡನ್ನೂ ಇಟ್ಟಾಗ ಅವರು ಕಪಾಟಿನಿಂದ ಆ ಬಿಲ್ಲು ತೆಗೆಸಿದರು. ಕೆಲಸ ಆಗಿತ್ತು, ಅಳತೆಯೂ ಆಗಿತ್ತು, ಪಾವತಿ ಮಾತ್ರ ಆಗಿರಲಿಲ್ಲ.

ಹಾಗಾಗಿ ನಾವು ಕಳಿಸಿದ ಸುದ್ದಿಯಲ್ಲಿ ‘ಗುಳುಂ’, ‘ಲೂಟಿ’ ಎಂಬ ಪದಗಳಿರಲಿಲ್ಲ. ಒಂದು ಬಿಲ್ಲಿಗೆ ಎರಡು ಪಾವತಿ, ಅದೇ ವ್ಯಕ್ತಿಗೆ ಇನ್ನೊಂದು ಬಿಲ್ಲು ಬಾಕಿ, ಹೆಚ್ಚುವರಿ ಹಣವನ್ನು ಹೊಂದಾಣಿಕೆ ಮಾಡಿ ಉಳಿದದ್ದನ್ನು ವಸೂಲಿ ಮಾಡುವುದಾಗಿ ಪಿಡಿಒ ಹೇಳಿಕೆ. ಡೆಸ್ಕಿನವರು ಕತ್ತರಿಸಿ ಎರಡು ಕಾಲಂ ಮಾಡಿದರು. ಅಂಗಡಿಯವರನ್ನು ಕಳ್ಳ ಅಂದಿದ್ದರೆ ಮೊದಲ ಪುಟಕ್ಕೆ ಹೋಗುತ್ತಿತ್ತೇನೋ. ಅವರು ಆ ಊರಿನಲ್ಲೇ ಅಂಗಡಿ ನಡೆಸಬೇಕು.

ಈ ವಿಧಾನಕ್ಕೆ ಸಿಗದವೂ ಇವೆ. ಅದೇ ಕೆಲಸಕ್ಕೆ ಬೇರೆಯವರ ಹೆಸರಿನಲ್ಲಿ ಹೊಸ ಬಿಲ್ಲು ಬರೆಸಿದ್ದರೆ ಎಕ್ಸೆಲ್‌ಗೆ ಅದು ಕಾಣುವುದಿಲ್ಲ. ಅದಕ್ಕೆ ಕ್ರಿಯಾಯೋಜನೆ ಹಿಡಿದುಕೊಂಡು ಬೀದಿಗೇ ಹೋಗಿ ಕಂಬ ಎಣಿಸಬೇಕು. ಮಾರ್ಚಿನ ಬಿಲ್ಲಿಗೆ ಏಪ್ರಿಲಿನಲ್ಲಿ ಮತ್ತೆ ದುಡ್ಡು ಹೋಗಿದ್ದರೂ ಒಂದು ವರ್ಷದ ಪುಸ್ತಕದಲ್ಲಿ ಸಿಗದು. ಮುಂದಿನ ಅರ್ಜಿಯಲ್ಲಿ ನಾವು ಹದಿನೈದು ತಿಂಗಳ ಕ್ಯಾಶ್‌ಬುಕ್ ಕೇಳಿದ್ದೇವೆ, ಜಮಾ ಬದಿಯನ್ನೂ ಸೇರಿಸಿ.